ಡಯೋಡಿನ ಕರೆಂಟು ತಿಳಿಯಲು ಗ್ರಾಫ್ ಹಾಳೆಯ ಮೇಲೊಂದು ಗೆರೆ

1.5 ವೋಲ್ಟಿನ ಬ್ಯಾಟರಿ, 100 ಓಮಿನ ರೆಸಿಸ್ಟರ್ ಮತ್ತು ಒಂದು ಸಣ್ಣ ಸಿಲಿಕಾನ್ ಡಯೋಡನ್ನು ಸರಣಿಯಲ್ಲಿ ಜೋಡಿಸಿದರೆ ಎಷ್ಟು ಕರೆಂಟು ಹರಿಯುತ್ತದೆ? ಡಯೋಡಿನ ಜಾಗದಲ್ಲಿ ಇನ್ನೊಂದು ರೆಸಿಸ್ಟರ್ ಇದ್ದಿದ್ದರೆ ಓಮ್ ನಿಯಮದಿಂದ ಒಂದೇ ಸಾಲಿನಲ್ಲಿ ಉತ್ತರ ಸಿಗುತ್ತಿತ್ತು. ಡಯೋಡಿಗೆ ಆ ನಿಯಮ ಅನ್ವಯಿಸುವುದಿಲ್ಲ. ಅದರ ಮೇಲಿನ ವೋಲ್ಟೇಜು ಒಂದಿಷ್ಟೇ ಏರಿದರೂ ಕರೆಂಟು ಹಲವು ಪಟ್ಟು ಹೆಚ್ಚುತ್ತದೆ. ಸಮೀಕರಣ ಬರೆದರೆ ವೋಲ್ಟೇಜು ಒಂದು ಕಡೆ ಘಾತಾಂಕದಲ್ಲೂ ಇನ್ನೊಂದು ಕಡೆ ಸಾದಾ ಪದವಾಗಿಯೂ ಬರುವುದರಿಂದ, ಶಾಲೆಯ ಬೀಜಗಣಿತ ಅದನ್ನು ಬಿಡಿಸಲಾರದು. ಗ್ರಾಫ್ ಹಾಳೆ ಬಿಡಿಸುತ್ತದೆ.

ಮೊದಲು ಬೇಕಾದದ್ದು ಡಯೋಡಿನ ವಕ್ರರೇಖೆ. ಅಡ್ಡ ಅಕ್ಷದಲ್ಲಿ ಡಯೋಡಿನ ಮೇಲಿನ ವೋಲ್ಟೇಜು, ಲಂಬ ಅಕ್ಷದಲ್ಲಿ ಅದರೊಳಗಿನ ಕರೆಂಟು. ಇಲ್ಲಿ ತೆಗೆದುಕೊಂಡಿರುವ ಡಯೋಡಿನಲ್ಲಿ 0.5 ವೋಲ್ಟಿಗೆ 0.1 ಮಿಲಿಆಂಪಿಯರ್, 0.6ಕ್ಕೆ 1, 0.65ಕ್ಕೆ 3, 0.7ಕ್ಕೆ ಸುಮಾರು 9 ಮಿಲಿಆಂಪಿಯರ್ ಹರಿಯುತ್ತದೆ ಎಂದಿಟ್ಟುಕೊಳ್ಳೋಣ. ಈ ಬಿಂದುಗಳನ್ನು ಸೇರಿಸಿದರೆ, ಬಹುದೂರ ನೆಲಕ್ಕಂಟಿಕೊಂಡು ಸಾಗಿ 0.6ರ ಆಸುಪಾಸಿನಲ್ಲಿ ಕಡಿದಾಗಿ ಮೇಲೇಳುವ ರೇಖೆ ಬರುತ್ತದೆ.

ಇನ್ನು ಬ್ಯಾಟರಿ ಮತ್ತು ರೆಸಿಸ್ಟರಿನ ಮಾತು. ಬ್ಯಾಟರಿಯ 1.5 ವೋಲ್ಟನ್ನು ಡಯೋಡು ಮತ್ತು ರೆಸಿಸ್ಟರ್ ಹಂಚಿಕೊಳ್ಳಲೇಬೇಕು: V + 100 I = 1.5. ಇದೊಂದು ಸರಳರೇಖೆಯ ಸಮೀಕರಣ, ಆದ್ದರಿಂದ ಎಳೆಯಲು ಎರಡು ಬಿಂದು ಸಾಕು. ಕರೆಂಟೇ ಇಲ್ಲದಿದ್ದರೆ ಪೂರ್ತಿ 1.5 ವೋಲ್ಟ್ ಡಯೋಡಿನ ಮೇಲೆಯೇ ಇರುತ್ತದೆ. ಇದು ಅಡ್ಡ ಅಕ್ಷದ ಬಿಂದು. ಡಯೋಡು ಶಾರ್ಟ್ ಆದರೆ 1.5 ವೋಲ್ಟ್ ಪೂರ್ತಿ ರೆಸಿಸ್ಟರಿಗೆ ಬಿದ್ದು 15 ಮಿಲಿಆಂಪಿಯರ್ ಹರಿಯುತ್ತದೆ. ಇದು ಲಂಬ ಅಕ್ಷದ ಬಿಂದು. ಇವೆರಡನ್ನು ಸೇರಿಸುವ ಗೆರೆಯೇ ಲೋಡ್ ಲೈನ್. ಈ ಗೆರೆ ಎಳೆಯುವಾಗ ಡಯೋಡಿನ ಗುಣ ಏನೆಂದು ಎಲ್ಲಿಯೂ ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ಇಡೀ ವಿಧಾನದ ಬಲ ಇರುವುದು ಅಲ್ಲಿಯೇ. ಡಯೋಡು ಏನು ಒಪ್ಪುತ್ತದೆಂದು ವಕ್ರರೇಖೆ ಹೇಳುತ್ತದೆ, ಉಳಿದ ಸರ್ಕ್ಯೂಟು ಏನು ಒಪ್ಪುತ್ತದೆಂದು ಸರಳರೇಖೆ ಹೇಳುತ್ತದೆ. ಸರಣಿಯಲ್ಲಿ ಎರಡಕ್ಕೂ ಕರೆಂಟು ಒಂದೇ ಆದ್ದರಿಂದ, ಎರಡೂ ಒಪ್ಪುವ ಜಾಗ ಅವು ಸಂಧಿಸುವ ಬಿಂದು ಮಾತ್ರ.

ಇಲ್ಲಿ ಆ ಬಿಂದು ಸುಮಾರು 0.69 ವೋಲ್ಟ್, 8.1 ಮಿಲಿಆಂಪಿಯರಿನಲ್ಲಿ ಸಿಗುತ್ತದೆ. ತಾಳೆ ನೋಡುವುದು ಸುಲಭ. 100 ಓಮಿನಲ್ಲಿ 8.1 ಮಿಲಿಆಂಪಿಯರ್ ಹರಿದರೆ 0.81 ವೋಲ್ಟ್; ಅದಕ್ಕೆ 0.69 ಕೂಡಿಸಿದರೆ ಸರಿಯಾಗಿ 1.5. ನಿಜವಾದ ಸರ್ಕ್ಯೂಟಿನಲ್ಲಿಯೂ ಹೀಗೆಯೇ ಪರೀಕ್ಷಿಸಬಹುದು: ಮಲ್ಟಿಮೀಟರಿನಿಂದ ರೆಸಿಸ್ಟರಿನ ಮೇಲಿನ ವೋಲ್ಟೇಜು ಅಳೆದು 100ರಿಂದ ಭಾಗಿಸಿದರೆ ಕರೆಂಟು ತಿಳಿಯುತ್ತದೆ.

ಬ್ಯಾಟರಿ ಸವೆದು 1.2 ವೋಲ್ಟಿಗೆ ಇಳಿದರೆ ಗೆರೆ ತನ್ನ ಇಳಿಜಾರು ಬದಲಿಸದೆ ಎಡಕ್ಕೆ ಸರಿಯುತ್ತದೆ. ಹೊಸ ಸಂಧಿ ಸುಮಾರು 0.675 ವೋಲ್ಟ್, 5.25 ಮಿಲಿಆಂಪಿಯರ್. ಬ್ಯಾಟರಿ ಕಳೆದುಕೊಂಡ 0.3 ವೋಲ್ಟಿನಲ್ಲಿ ಡಯೋಡಿನ ಪಾಲು ತೀರಾ ಕಡಿಮೆ, ಹೆಚ್ಚುಕಡಿಮೆ ಎಲ್ಲವೂ ರೆಸಿಸ್ಟರಿನ ಲೆಕ್ಕಕ್ಕೆ ಹೋಗಿದೆ. ಬ್ಯಾಟರಿ 1.5 ವೋಲ್ಟಿನದ್ದೇ ಇದ್ದು ರೆಸಿಸ್ಟರನ್ನು 1000 ಓಮಿಗೆ ಏರಿಸಿದರೆ, ಗೆರೆ ಅಡ್ಡ ಅಕ್ಷದ ತುದಿಯನ್ನು ಬಿಡದೆ ಕೆಳಕ್ಕೆ ವಾಲುತ್ತದೆ. ಸಂಧಿ ಸುಮಾರು 0.6 ವೋಲ್ಟ್, 0.9 ಮಿಲಿಆಂಪಿಯರ್. ಡಯೋಡಿಗೆ ಯಾವಾಗಲೂ 0.7 ವೋಲ್ಟ್ ಎಂದು ಹಿಡಿದು ಲೆಕ್ಕ ಹಾಕುವವರಿಗೆ ಇಲ್ಲಿ 0.8 ಬರುತ್ತದೆ, ಅಂದರೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ತಪ್ಪು. ಬ್ಯಾಟರಿಯ ವೋಲ್ಟೇಜು ಚಿಕ್ಕದಾದಷ್ಟೂ ಆ ಅಡ್ಡದಾರಿಯನ್ನು ನಂಬಬಾರದು.

ಬ್ಯಾಟರಿ ದೊಡ್ಡದಾದರೆ ಬೇರೊಂದು ತೊಡಕು. 12 ವೋಲ್ಟಿನ ಬಿಂದು 1 ವೋಲ್ಟಿಗೆ ಮುಗಿಯುವ ಹಾಳೆಯೊಳಗೆ ಬರುವುದೇ ಇಲ್ಲ. ಅದಕ್ಕಾಗಿ ಸ್ಕೇಲು ಹಿಗ್ಗಿಸಿದರೆ ವಕ್ರರೇಖೆ ಎಡ ಅಂಚಿಗೆ ಒತ್ತಿಕೊಂಡು ಓದಲಾಗದಂತಾಗುತ್ತದೆ. ಹಾಳೆಯೊಳಗೆ ಬೀಳುವ ಯಾವ ಎರಡು ಬಿಂದುಗಳಾದರೂ ಸಾಕು: 1000 ಓಮಿಗೆ 0 ವೋಲ್ಟಿನಲ್ಲಿ 12, 1 ವೋಲ್ಟಿನಲ್ಲಿ 11 ಮಿಲಿಆಂಪಿಯರ್.

ಗ್ರಾಫು ಸರಿಯಿದ್ದೂ ಮೀಟರು ಬೇರೆ ಹೇಳಿದರೆ ಅನುಮಾನ ವಕ್ರರೇಖೆಯ ಮೇಲೆ ಹೋಗಬೇಕು. ಡೇಟಾಶೀಟಿನಲ್ಲಿರುವುದು ಆ ಮಾದರಿಯ ಸಾಧಾರಣ ಡಯೋಡಿನ ರೇಖೆ, ಕೈಯಲ್ಲಿರುವ ಡಯೋಡಿನದ್ದಲ್ಲ. ಜೊತೆಗೆ, ಅದೇ ಕರೆಂಟಿಗೆ ಬೇಕಾಗುವ ವೋಲ್ಟೇಜು ಪ್ರತಿ ಡಿಗ್ರಿ ಸೆಲ್ಸಿಯಸ್ ಬಿಸಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುವುದರಿಂದ, ಬಿಸಿಯಾದಂತೆ ವಕ್ರರೇಖೆ ಎಡಕ್ಕೆ ಸರಿಯುತ್ತದೆ. ಲೋಡ್ ಲೈನ್ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಡಯೋಡನ್ನು ತೆಗೆದು ಕೆಂಪು ಎಲ್‌ಇಡಿ ಹಾಕಿದರೂ ಗೆರೆ ಅದೇ, ಬದಲಾಗುವುದು ವಕ್ರರೇಖೆಯಷ್ಟೇ. ಎಲ್‌ಇಡಿಯ ರೇಖೆ ಮೇಲೇಳುವುದು 1.6 ವೋಲ್ಟ್ ದಾಟಿದ ಮೇಲೆ, ಗೆರೆಯೋ 1.5ಕ್ಕೇ ನೆಲ ಮುಟ್ಟಿರುತ್ತದೆ. ಎರಡೂ ಸಂಧಿಸುವುದು ಕರೆಂಟು ಬಹುತೇಕ ಸೊನ್ನೆಯಾಗಿರುವಲ್ಲಿ, ಹಾಗಾಗಿ ಎಲ್‌ಇಡಿ ಬೆಳಗುವುದಿಲ್ಲ. ಎರಡು ಸೆಲ್ ಸೇರಿಸಿ 3 ವೋಲ್ಟ್ ಮಾಡಿದರೆ ಗೆರೆ ಬಲಕ್ಕೆ ಸರಿದು, 1.8 ವೋಲ್ಟಿನ ಸುಮಾರಿಗೆ 12 ಮಿಲಿಆಂಪಿಯರಿನಲ್ಲಿ ವಕ್ರರೇಖೆಯ ಏರನ್ನು ಕತ್ತರಿಸುತ್ತದೆ.