ಬಯೋಸ್ ಚಿಪ್‌ಗೆ ಬೀಗ ಬಿದ್ದಿದೆಯೇ?

2018ರ ಸೆಪ್ಟೆಂಬರ್‌ನಲ್ಲಿ ಸ್ಲೊವಾಕಿಯಾದ ಇಸೆಟ್ ಕಂಪನಿಯ ಸಂಶೋಧಕರು ಲೋಜ್ಯಾಕ್ಸ್ ಎಂಬ ಕುತಂತ್ರಾಂಶದ ವಿವರ ಹೊರಗೆಡವಿದರು. ಪೂರ್ವ ಯುರೋಪ್ ಮತ್ತು ಬಾಲ್ಕನ್ ದೇಶಗಳ ಸರ್ಕಾರಿ ಕಂಪ್ಯೂಟರುಗಳ ಮೇಲೆ ಅದರ ಕಣ್ಣಿತ್ತು. ಹಾರ್ಡ್‌ಡಿಸ್ಕ್ ಕಿತ್ತು ಹೊಸದು ಹಾಕಿದರೂ, ವಿಂಡೋಸ್ ಮರುಸ್ಥಾಪಿಸಿದರೂ ಅದು ಹೋಗುತ್ತಿರಲಿಲ್ಲ. ಏಕೆಂದರೆ ಅದು ಕೂತಿದ್ದದ್ದು ಮದರ್‌ಬೋರ್ಡಿನ ಮೇಲಿರುವ ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿ. ಪವರ್ ಬಟನ್ ಒತ್ತಿದಾಗ ಮೊದಲು ಎದ್ದೇಳುವ ಬಯೋಸ್, ಅಂದರೆ ಯಂತ್ರದ ಫರ್ಮ್‌ವೇರ್, ಇರುವುದು ಅಲ್ಲೇ.

ಲೋಜ್ಯಾಕ್ಸ್ ಆ ಚಿಪ್‌ಗೆ ಬರೆಯುವ ಮುನ್ನ ಚಿಪ್‌ಸೆಟ್‌ನ ಒಂದು ರಿಜಿಸ್ಟರ್ ಓದಿ, ಅದರ ಮೂರು ಬಿಟ್‌ಗಳನ್ನು ನೋಡಿಕೊಳ್ಳುತ್ತಿತ್ತು. ಬೀಗ ತೆರೆದಿದ್ದರೆ ನೇರವಾಗಿ ಬರೆಯುತ್ತಿತ್ತು. ಅರ್ಧ ಹಾಕಿದ್ದರೆ ಒಂದು ಉಪಾಯ ಹೂಡುತ್ತಿತ್ತು. ಪೂರ್ತಿ ಹಾಕಿದ್ದರೆ ಸುಮ್ಮನಾಗುತ್ತಿತ್ತು. ಅದೇ ಮೂರು ಬಿಟ್‌ಗಳನ್ನು ನಮ್ಮ ಯಂತ್ರದಲ್ಲಿ ನಾವೇ ಮೊದಲು ನೋಡಿಕೊಳ್ಳಲು ಚಿಪ್‌ಸೆಕ್ ಎಂಬ ಸಾಧನವಿದೆ. ಇಂಟೆಲ್ 2014ರಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು.

ಚಿಪ್‌ಸೆಕ್ ಹಾರ್ಡ್‌ವೇರನ್ನು ನೇರವಾಗಿ ಮುಟ್ಟುವ ಸಾಧನ. ಅದಕ್ಕೆ ಕರ್ನಲ್ ಡ್ರೈವರ್ ಬೇಕು, ಆ ಡ್ರೈವರ್ ಉಳಿದ ತಂತ್ರಾಂಶಗಳಿಗೂ ಅದೇ ಬಾಗಿಲು ತೆರೆದಿಡುತ್ತದೆ. ಲೋಜ್ಯಾಕ್ಸ್ ಬಳಸಿದ್ದೂ ಇಂಥದ್ದೇ ಇನ್ನೊಂದು ಸಾಧನದ ಡ್ರೈವರನ್ನು. ಆದ್ದರಿಂದ ದಿನಬಳಕೆಯ ಯಂತ್ರದಲ್ಲಿ ಇದನ್ನು ಸ್ಥಾಪಿಸಿ ಬಿಡಬಾರದು ಎಂದು ಚಿಪ್‌ಸೆಕ್ ತಂಡವೇ ಎಚ್ಚರಿಸುತ್ತದೆ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಪರೀಕ್ಷೆ ಮುಗಿಸಿ, ಪೆನ್‌ಡ್ರೈವ್ ತೆಗೆದುಬಿಡುವುದು ಒಳ್ಳೆಯ ಕ್ರಮ. ಸೆಕ್ಯೂರ್ ಬೂಟ್ ಆನ್ ಆಗಿದ್ದರೆ ಸಹಿಯಿಲ್ಲದ ಈ ಡ್ರೈವರ್ ಲೋಡ್ ಆಗುವುದಿಲ್ಲ. ಆಗ ಅದನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಕೆಲಸ ಮುಗಿದೊಡನೆ ಮತ್ತೆ ಆನ್ ಮಾಡಬೇಕು.

```
sudo python3 chipsec_main.py -m common.bios_wp
```

ಪರದೆಯ ಮೇಲೆ ಹಲವು ಸಾಲುಗಳು ಹರಿಯುತ್ತವೆ. ಒಂದು ಹಳೆಯ ಇಂಟೆಲ್ ಯಂತ್ರ ಇಂಥ ಉತ್ತರ ಕೊಟ್ಟಿತು ಎಂದುಕೊಳ್ಳೋಣ. ಬೇಕಾದ ಸಾಲುಗಳನ್ನಷ್ಟೇ ಇಟ್ಟಿದ್ದೇನೆ:

```
BC = 0x0000000A
[00] BIOSWE  = 0
[01] BLE     = 1
[05] SMM_BWP = 0
```

BC ಎಂದರೆ ಬಯೋಸ್ ನಿಯಂತ್ರಣದ ರಿಜಿಸ್ಟರ್. BIOSWE 1 ಆಗಿದ್ದರೆ ಚಿಪ್‌ನ ಬಯೋಸ್ ಭಾಗಕ್ಕೆ ಬರೆಯಬಹುದು, 0 ಆಗಿದ್ದರೆ ಬರೆಯುವಂತಿಲ್ಲ. ಇಲ್ಲಿ 0 ಇದೆ. ಎಲ್ಲ ಸರಿಯಾಗಿದೆ ಎಂದು ನಿಟ್ಟುಸಿರು ಬಿಡುವವರು ಬಹಳ ಮಂದಿ. ಆದರೆ ಆ ಬಿಟ್ಟನ್ನು 1 ಮಾಡುವವರನ್ನು ತಡೆಯುವವರು ಯಾರು?

ಅದಕ್ಕೆಂದು ಇರುವುದು BLE. ಹೆಸರಿನಲ್ಲಿ ಲಾಕ್ ಎಂದಿದ್ದರೂ ಅದು ಬೀಗವಲ್ಲ, ಬಾಗಿಲಿಗೆ ಕಟ್ಟಿದ ಗಂಟೆ. ಯಾರಾದರೂ BIOSWE ಅನ್ನು 1 ಮಾಡಿದೊಡನೆ ಪ್ರೊಸೆಸರ್‌ಗೆ ಎಸ್‌ಎಂಐ ಎಂಬ ವಿಶೇಷ ಅಡಚಣೆ ಹೋಗುತ್ತದೆ. ಆಗ ಆಪರೇಟಿಂಗ್ ಸಿಸ್ಟಮ್ ನಿಂತು, ಎಸ್‌ಎಂಎಂ ಎಂಬ ಗುಪ್ತ ಸ್ಥಿತಿಯಲ್ಲಿ ಫರ್ಮ್‌ವೇರ್‌ನ ತುಣುಕೊಂದು ಎದ್ದು, ಬಿಟ್ಟನ್ನು ಮತ್ತೆ 0 ಮಾಡಿ ಮರಳುತ್ತದೆ.

ತೊಂದರೆ ಇರುವುದು ಗಂಟೆ ಬಾರಿಸುವುದಕ್ಕೂ ಬಾಗಿಲು ಮುಚ್ಚುವುದಕ್ಕೂ ನಡುವಿನ ಕ್ಷಣದಲ್ಲಿ. ಕೋರಿ ಕಾಲೆನ್‌ಬರ್ಗ್ ಮತ್ತು ರಫಾಲ್ ವೊಯ್ಚುಕ್ 2014ರ ಕೊನೆಯಲ್ಲಿ ಇದನ್ನು ಸಾಬೀತು ಮಾಡಿದರು. ಪ್ರೊಸೆಸರ್‌ನ ಒಂದು ಕೋರ್ BIOSWE ಅನ್ನು ಬಿಡದೆ 1 ಮಾಡುತ್ತಲೇ ಇರುತ್ತದೆ, ಇನ್ನೊಂದು ಕೋರ್ ಬಿಡದೆ ಚಿಪ್‌ಗೆ ಬರೆಯಲು ನೋಡುತ್ತಿರುತ್ತದೆ. ಎರಡನೆಯ ಕೋರ್ ಎಸ್‌ಎಂಎಂ ಸ್ಥಿತಿಗೆ ಹೋಗುವುದು ಒಂದು ಗಳಿಗೆ ತಡವಾದರೂ ಸಾಕು, ಬರಹ ಒಳಗೆ ಬಿದ್ದಿರುತ್ತದೆ. ಲೋಜ್ಯಾಕ್ಸ್‌ನ ಉಪಾಯ ಇದೇ.

ಈ ಸಂದನ್ನು ಮುಚ್ಚುವುದು SMM_BWP. ಅದು 1 ಆಗಿದ್ದರೆ ಎಲ್ಲ ಕೋರ್‌ಗಳೂ ಎಸ್‌ಎಂಎಂ ಒಳಗೆ ಬರುವವರೆಗೆ BIOSWE 1 ಆದರೂ ಚಿಪ್ ಬರಹ ಸ್ವೀಕರಿಸುವುದಿಲ್ಲ. ಅದು ಸರಿಯಾಗಿ ಹಾಕಿದ ಯಂತ್ರದಲ್ಲಿ ಇದೇ ರಿಜಿಸ್ಟರ್ 0A ಬದಲು 2A ತೋರಿಸುತ್ತದೆ. ಎರಡಕ್ಕೂ ವ್ಯತ್ಯಾಸ ಒಂದೇ ಬಿಟ್. ಆ ಬಿಟ್ಟನ್ನು ಬೂಟ್ ಸಮಯದಲ್ಲಿ 1 ಮಾಡಬೇಕಾದವರು ಯಂತ್ರ ತಯಾರಿಸಿದ ಕಂಪನಿಯವರು. ಹಾರ್ಡ್‌ವೇರ್‌ನಲ್ಲಿ ಸೌಲಭ್ಯವಿದ್ದೂ ಅದನ್ನು ಹಾಕದೆ ಗ್ರಾಹಕರ ಕೈಗೆ ಯಂತ್ರ ಕೊಡುವುದು ನನ್ನ ದೃಷ್ಟಿಯಲ್ಲಿ ಕ್ಷಮಿಸಲಾಗದ ಅಸಡ್ಡೆ.

ಎಸ್‌ಎಂಎಂ ಒಳಗಿನ ಕೋಡ್‌ನಲ್ಲೇ ದೋಷವಿದ್ದರೆ ಈ ಮೂರೂ ಬಿಟ್‌ಗಳು ಸೋಲುತ್ತವೆ. ಅದಕ್ಕೆ ಪ್ರತ್ಯೇಕವಾದ ಇನ್ನೊಂದು ಕಾವಲಿದೆ. PR0ಯಿಂದ PR4ವರೆಗಿನ ರಿಜಿಸ್ಟರ್‌ಗಳಲ್ಲಿ ಚಿಪ್‌ನ ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಬರೆಯಬಾರದು ಎಂದು ಗುರುತು ಹಾಕಬಹುದು. ಇದು ಎಸ್‌ಎಂಎಂಗೂ ಅನ್ವಯಿಸುತ್ತದೆ. ಚಿಪ್‌ಸೆಕ್ ಇದೇ ಪರೀಕ್ಷೆಯಲ್ಲಿ ಅದರ ಪಟ್ಟಿಯನ್ನೂ ಕೊಡುತ್ತದೆ. ಬಯೋಸ್ ಭಾಗ 200000ರಿಂದ 7FFFFFವರೆಗೆ, ಅಂದರೆ 6 ಎಂಬಿ ಇದ್ದು, PR0 ಕಾಯುತ್ತಿರುವುದು 780000ರಿಂದ 7FFFFFವರೆಗೆ ಮಾತ್ರ ಎಂದಿಟ್ಟುಕೊಳ್ಳಿ. ಕಾವಲು ಬಿದ್ದಿರುವುದು ಕೊನೆಯ 512 ಕೆಬಿಗೆ. ಉಳಿದ ಐದೂವರೆ ಎಂಬಿ ಬಯಲು. ಪಟ್ಟಿಯಲ್ಲಿ ಒಂದು ಸಾಲು ತುಂಬಿದೆ ಎಂದು ಸಮಾಧಾನಪಡದೆ ವಿಳಾಸಗಳನ್ನು ಕಳೆದು ನೋಡಬೇಕು. ಅಷ್ಟೂ ಜಾಗಕ್ಕೆ ಕಾವಲು ಹಾಕದಿರಲು ಕಾರಣವೂ ಇದೆ: ಬೂಟ್ ಕ್ರಮದಂಥ ಸೆಟ್ಟಿಂಗ್‌ಗಳು ಇದೇ ಭಾಗದಲ್ಲಿ ಕೂರುತ್ತವೆ, ಅವುಗಳಿಗೆ ಬರೆಯಲು ಜಾಗ ಬಿಡಲೇಬೇಕು.

ಈ ಗಡಿಗಳನ್ನೇ ಯಾರೋ ಬದಲಿಸಿಬಿಟ್ಟರೆ? ಅದನ್ನು ತಡೆಯುವ ಬಿಟ್‌ನ ಹೆಸರು FLOCKDN. ಒಮ್ಮೆ 1 ಆದರೆ ಯಂತ್ರ ರೀಸೆಟ್ ಆಗುವವರೆಗೆ ಅದು 0 ಆಗದು, ಗಡಿಗಳೂ ಕದಲವು. ಅದನ್ನು ನೋಡಲು:

```
sudo python3 chipsec_main.py -m common.spi_lock
```

ಇಲ್ಲಿ ಬಹಳ ಮಂದಿ ಬಿಟ್ಟುಬಿಡುವ ಒಂದು ಹೆಜ್ಜೆಯಿದೆ. ಯಂತ್ರವನ್ನು ಮಲಗಿಸಿ ಎಬ್ಬಿಸಿ, ಎರಡೂ ಪರೀಕ್ಷೆಗಳನ್ನು ಮತ್ತೆ ಮಾಡಬೇಕು. ಎಸ್3 ಎಂಬ ಆಳವಾದ ನಿದ್ದೆಯಿಂದ ಎದ್ದಾಗ ಈ ಬಿಟ್‌ಗಳು ಅಳಿಸಿಹೋಗಿರುತ್ತವೆ, ಫರ್ಮ್‌ವೇರ್ ನೆನಪಿಟ್ಟು ಮತ್ತೆ ಹಾಕಬೇಕು. 2015ರ ಮೇ ತಿಂಗಳಲ್ಲಿ ಪೆಡ್ರೊ ವಿಲಾಸಾ ಎಂಬ ಸಂಶೋಧಕರು ಹಲವು ಆಪಲ್ ಮ್ಯಾಕ್‌ಗಳಲ್ಲಿ ನಿದ್ದೆಯ ನಂತರ FLOCKDN ಬಿದ್ದೇ ಇರುವುದಿಲ್ಲ ಎಂದು ತೋರಿಸಿದರು. ಮರುತಿಂಗಳೇ ಆಪಲ್ ತಿದ್ದುಪಡಿ ಕೊಟ್ಟಿತು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಳ ಮುಚ್ಚಿದರೆ ಎಸ್3 ನಿದ್ದೆ ಬರುತ್ತದೆ ಎಂಬ ಖಾತರಿಯಿಲ್ಲ. `cat /sys/power/mem_sleep` ಕೊಟ್ಟಾಗ `[deep]` ಎಂದು ಆವರಣದೊಳಗೆ ಕಂಡರೆ ಮಾತ್ರ ಈ ಮರುಪರೀಕ್ಷೆಗೆ ಅರ್ಥ.

ಫಲಿತಾಂಶವನ್ನು ನಂಬುವ ಮುನ್ನ ಇನ್ನೊಂದು ಎಚ್ಚರ. ರಿಜಿಸ್ಟರ್‌ನ ಮೌಲ್ಯ `0xFFFFFFFF` ಎಂದಿದ್ದರೆ ಎಲ್ಲ ಬಿಟ್‌ಗಳೂ 1 ಎಂದಲ್ಲ, ಚಿಪ್‌ಸೆಕ್‌ಗೆ ಅದನ್ನು ಓದಲಾಗಿಲ್ಲ ಎಂದು ತಿಳಿಯಬೇಕು. ಯಂತ್ರದ ಚಿಪ್‌ಸೆಟ್ ಗುರುತು ಸಿಗಲಿಲ್ಲ ಎಂದು ಅದು ನಿಂತರೆ `-i` ಸೇರಿಸಿ ಬಲವಂತವಾಗಿ ಓಡಿಸುವವರಿದ್ದಾರೆ. ಆಗ ಅದು ಯಾವ ವಿಳಾಸವನ್ನು ಓದುತ್ತದೋ ಹೇಳಲಾಗದು, ಬಂದ ಉತ್ತರಕ್ಕೆ ಬೆಲೆಯಿಲ್ಲ. ಅಂಥಲ್ಲಿ ಚಿಪ್‌ಸೆಕ್‌ನ ಹೊಸ ಆವೃತ್ತಿ ಹುಡುಕುವುದೇ ದಾರಿ. ಇನ್ನು, PASSED ಎಂದು ಬಂದರೆ ಬೀಗ ಈಗ ಬಿದ್ದಿದೆ ಎಂದಷ್ಟೇ ಅರ್ಥ. ಅದಕ್ಕೂ ಮುಂಚೆ ಯಾರಾದರೂ ಒಳಹೊಕ್ಕು ಬರೆದಿದ್ದಾರೆಯೇ ಎಂಬುದನ್ನು ಈ ಪರೀಕ್ಷೆ ನೋಡುವುದೇ ಇಲ್ಲ.

FAILED ಬಂದರೆ ಮೊದಲು ತಯಾರಕರ ತಾಣದಿಂದ ಹೊಸ ಬಯೋಸ್ ಹಾಕಿ ಮತ್ತೆ ಪರೀಕ್ಷಿಸಿ. 0A ಇದ್ದದ್ದು 2A ಆಗಿದೆಯೇ ನೋಡಿ. ಕೆಲವು ಯಂತ್ರಗಳ ಬಯೋಸ್ ಸೆಟಪ್‌ನಲ್ಲಿ ಬಯೋಸ್ ಲಾಕ್ ಎಂಬ ಆಯ್ಕೆಯೇ ಇರುತ್ತದೆ, ಅದು ಆಫ್ ಆಗಿದ್ದರೆ ಆನ್ ಮಾಡಿ. ಎರಡರಿಂದಲೂ ಬದಲಾಗದಿದ್ದರೆ, ಪರದೆಯ ಸಾಲುಗಳನ್ನು ಯಂತ್ರದ ಮಾಡೆಲ್ ಮತ್ತು ಬಯೋಸ್ ಆವೃತ್ತಿಯ ಜೊತೆ ತಯಾರಕರಿಗೆ ಕಳಿಸಬೇಕು. ತಿದ್ದುಪಡಿ ಬರುವವರೆಗೆ ಆ ಯಂತ್ರದಲ್ಲಿ ಅಡ್ಮಿನ್ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಉಳಿದ ಏಕೈಕ ಬೀಗ. ಏಕೆಂದರೆ ಈ ಬಿಟ್‌ಗಳನ್ನು ಮುಟ್ಟಲು ದಾಳಿಕೋರರಿಗೂ ಮೊದಲು ಬೇಕಾಗುವುದು ಆ ಅಧಿಕಾರವೇ.