ಮಗ್ಗ ನಿಲ್ಲುವುದು ಯಾವ ದಿನ?

ಕೈಮಗ್ಗ ಸಂಘವೊಂದು ಬಾಗಿಲು ಹಾಕಿದರೆ ನಾವು ಸಾಮಾನ್ಯವಾಗಿ ಹೇಳುವ ಕಾರಣ ಒಂದೇ: ಸೀರೆ ಮಾರಾಟವಾಗಲಿಲ್ಲ, ನಷ್ಟವಾಯಿತು. ಆದರೆ ಲೆಕ್ಕಪುಸ್ತಕದಲ್ಲಿ ಲಾಭವಿರುವಾಗಲೇ, ಆರ್ಡರ್ ಕೈಯಲ್ಲಿರುವಾಗಲೇ ಮಗ್ಗಗಳು ಖಾಲಿ ನಿಲ್ಲಬಹುದು. ಸೀರೆ ಹೋಗಿರುತ್ತದೆ, ಹಣ ಬಂದಿರುವುದಿಲ್ಲ. ಇದು ಯಾವಾಗ ಆಗುತ್ತದೆ ಎಂಬುದನ್ನು ಮೊದಲೇ ತಿಳಿಯುವ ದಾರಿ ದುಡಿಯುವ ಬಂಡವಾಳದ ಬಜೆಟ್. ಅದಕ್ಕೆ ದೊಡ್ಡ ಗಣಿತವೇನೂ ಬೇಡ, ದಿನಗಳನ್ನು ಎಣಿಸಬೇಕು ಅಷ್ಟೆ.

ಹತ್ತಿ ಸೀರೆ ನೇಯುವ 25 ಮಗ್ಗಗಳ ಸಂಘವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲು ನಾನು ಆರಿಸಿಕೊಂಡವು, ನಿಮ್ಮ ಊರಿನ ದರ ಬೇರೆ ಇದ್ದೀತು. ಮಗ್ಗವೊಂದಕ್ಕೆ ತಿಂಗಳಿಗೆ 12 ಸೀರೆ ಎಂದರೆ ಒಟ್ಟು 300, ದಿನಕ್ಕೆ ಸರಾಸರಿ 10. ಒಂದು ಸೀರೆಗೆ ನೂಲು ಮತ್ತು ಬಣ್ಣಕ್ಕೆ 400 ರೂಪಾಯಿ, ನೇಯುವವರಿಗೂ ಕಂಡಿಕೆ ಸುತ್ತುವವರಿಗೂ ಸೇರಿ ಮಜೂರಿ 700, ಬಾಡಿಗೆ, ಕರೆಂಟು, ಸಾಗಣೆಗೆ 100. ಒಟ್ಟು ಖರ್ಚು 1,200, ಮಾರುವ ಬೆಲೆ 1,350. ಅಂದರೆ ಸಂಘದಿಂದ ದಿನಕ್ಕೆ 12,000 ರೂಪಾಯಿ ಹೊರಗೆ ಹೋಗುತ್ತದೆ, ತಿಂಗಳಿಗೆ 3,60,000.

ತಿಂಗಳ ಖರ್ಚು ಮೂರೂವರೆ ಲಕ್ಷವಾದರೆ ನಾಲ್ಕು ಲಕ್ಷ ಕೈಯಲ್ಲಿದ್ದರೆ ಸಾಕಲ್ಲವೇ ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಾಲದು. ಒಮ್ಮೆ ಹೊರಟ ರೂಪಾಯಿ ಎಷ್ಟು ದಿನಕ್ಕೆ ತಿರುಗಿ ಬರುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಮೊದಲು ನೂಲಿನ ಹಣವನ್ನು ಹಿಂಬಾಲಿಸೋಣ. ನೂಲಿಗೆ ಮುಂಗಡ ಕಟ್ಟಿದ ಮೇಲೆ ಲಡಿ ಬಂದು ಇಳಿಯಲು 10 ದಿನ. ಬಣ್ಣ, ಗಂಜಿ, ಹಾಸು ಮಾಡುವುದು, ಉಗ್ರಾಣದಲ್ಲಿ ಸರದಿ ಕಾಯುವುದು ಎಲ್ಲ ಸೇರಿ 20 ದಿನ. ಎಂಟು ಸೀರೆಯ ಹಾಸು ಮಗ್ಗವೇರಿದರೆ ಮೊದಲ ಸೀರೆ ಮೂರನೇ ದಿನ ಇಳಿದರೂ ಕೊನೆಯದಕ್ಕೆ 20 ದಿನ ಹಿಡಿಯುತ್ತದೆ. ಸರಾಸರಿ 10 ದಿನ ಎನ್ನಿ. ದಿನಕ್ಕೆ 4,000 ರೂಪಾಯಿಯ ನೂಲು 40 ದಿನ ಸಿಕ್ಕಿಬಿದ್ದರೆ 1,60,000 ಆಯಿತು. ಸೀರೆ ಇಳಿದ ವಾರವೇ ಮಜೂರಿ ಕೊಡಬೇಕು, ಆ ಹೊತ್ತಿಗೆ ಸೀರೆಯ ಮೇಲೆ ಪೂರ್ತಿ 1,200 ಕೂತಿರುತ್ತದೆ. ಅದು ಮಾರಾಟವಾಗುವವರೆಗೆ ಕಪಾಟಿನಲ್ಲಿ 30 ದಿನ ಇದ್ದರೆ 3,60,000. ಇನ್ನು ಹತ್ತರಲ್ಲಿ ನಾಲ್ಕು ಸೀರೆ ಸಂಘದ ಮಳಿಗೆಯಲ್ಲೇ ನಗದಿಗೆ ಹೋಗಿ, ಆರು ಸೀರೆ ದೊಡ್ಡ ಖರೀದಿದಾರರಿಗೆ 60 ದಿನದ ಉದ್ರಿಗೆ ಹೋಗುತ್ತವೆ ಎನ್ನೋಣ. ಆರು ಸೀರೆಯ ಖರ್ಚು 7,200, ಅರವತ್ತು ದಿನಕ್ಕೆ 4,32,000.

ಮೂರೂ ಸೇರಿದರೆ 9,52,000. ತಿಂಗಳ ಖರ್ಚಿನ ಎರಡೂವರೆ ಪಟ್ಟಿಗೂ ಹೆಚ್ಚು. ಸಂಘದ ಷೇರು ಹಣ ಮತ್ತು ಮೀಸಲು ನಿಧಿ 3 ಲಕ್ಷ, ಡಿಸಿಸಿ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಮಿತಿ 7 ಲಕ್ಷ ಇದ್ದರೆ 10 ಲಕ್ಷವಾಗುತ್ತದೆ. ಕೈಯಲ್ಲಿ ಉಳಿಯುವುದು 48,000 ರೂಪಾಯಿ.

ಈಗ ಉದ್ರಿ ಖರೀದಿದಾರರು ಅರವತ್ತನೇ ದಿನ ಕೊಡಬೇಕಾದುದನ್ನು ನೂರ ಇಪ್ಪತ್ತನೇ ದಿನಕ್ಕೆ ತಳ್ಳಿದರು ಎಂದುಕೊಳ್ಳಿ. ಸೀರೆಯ ಬೆಲೆ ಕುಸಿದಿಲ್ಲ, ಆರ್ಡರ್ ರದ್ದಾಗಿಲ್ಲ. ಆದರೆ ದಿನಕ್ಕೆ 12,000 ಹೊರಗೆ ಹೋಗುತ್ತಿರುವಾಗ ಒಳಗೆ ಬರುವುದು ಮಳಿಗೆಯ ನಾಲ್ಕು ಸೀರೆಯ 5,400 ಮಾತ್ರ. ದಿನವೂ 6,600 ಕೊರತೆ. ಕೈಯಲ್ಲಿದ್ದ 48,000 ಏಳೇ ದಿನಕ್ಕೆ ಮುಗಿಯುತ್ತದೆ. ತಿಂಗಳಿಗೆ 45,000 ಲಾಭ ತೋರಿಸುವ ಸಂಘ ಎಂಟನೇ ದಿನ ನೂಲಿಗೂ ಮಜೂರಿಗೂ ಒಟ್ಟಿಗೆ ಹಣ ಹೊಂದಿಸಲಾರದು.

ಆಗ ಮೊದಲು ನಿಲ್ಲುವುದು ನೂಲು ಖರೀದಿ. ಮಜೂರಿ ಕೇಳುವವರು ಶನಿವಾರ ಎದುರಿಗೆ ಬಂದು ನಿಲ್ಲುತ್ತಾರೆ, ನೂಲಿಗೆ ಬಾಯಿಲ್ಲ. ಆದ್ದರಿಂದ ಹೊರಗಿನವರಿಗೆ ಕೆಲವು ವಾರ ಏನೂ ತಿಳಿಯುವುದಿಲ್ಲ, ಏರಿಸಿದ ಹಾಸು ಮುಗಿಯುವವರೆಗೆ ಮಗ್ಗ ಸದ್ದು ಮಾಡುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ನಿಜವಾದ ಎಚ್ಚರಿಕೆಯ ಗಂಟೆ ಬ್ಯಾಂಕ್ ಪಾಸ್‌ಬುಕ್ ಅಲ್ಲ, ಉಗ್ರಾಣದಲ್ಲಿ ಇನ್ನೆಷ್ಟು ದಿನದ ನೂಲಿದೆ ಎಂಬ ಲೆಕ್ಕ. ಇಪ್ಪತ್ತು ದಿನಕ್ಕೆ ಆಗುವಷ್ಟು ಇರುತ್ತಿದ್ದ ನೂಲು ಹತ್ತು ದಿನಕ್ಕೆ ಇಳಿದಿದ್ದರೆ ತೊಂದರೆ ಆಗಲೇ ಒಳಗೆ ಬಂದಿದೆ. ಹಾಸು ಮುಗಿದ ಮನೆಯವರು ಎರಡು ವಾರ ಕಾಯಬಹುದು. ಆಮೇಲೆ ಪವರ್‌ಲೂಮಿಗೋ ಗಾರೆ ಕೆಲಸಕ್ಕೋ ಹೋಗುತ್ತಾರೆ, ಅವರಲ್ಲಿ ಎಲ್ಲರೂ ಹಿಂದಿರುಗುವುದಿಲ್ಲ. ಬಾಕಿ ಹಣ ಕೊನೆಗೊಮ್ಮೆ ಬಂದರೂ ಹೊಸ ನೂಲು ತರಿಸಿ ಹಾಸು ಏರಿಸಲು ಮತ್ತೆ ಒಂದು ತಿಂಗಳು ಬೇಕು.

ಬ್ಯಾಂಕ್ ಇಲ್ಲಿ ನೆರವಾಗಬಹುದೇ? ಕ್ಯಾಶ್ ಕ್ರೆಡಿಟ್‌ನಲ್ಲಿ ಎಷ್ಟು ತೆಗೆಯಬಹುದು ಎಂಬುದು ಸಂಘದ ದಾಸ್ತಾನು ಮತ್ತು ಬರಬೇಕಾದ ಬಾಕಿಯನ್ನು ನೋಡಿ ನಿಗದಿಯಾಗುತ್ತದೆ. ನಾಲ್ಕನೇ ಒಂದು ಪಾಲು ಸಂಘದ್ದೇ ಇರಬೇಕು ಎನ್ನುವುದು ರೂಢಿ. 90 ದಿನ ದಾಟಿದ ಬಾಕಿಯನ್ನು ಹಲವು ಬ್ಯಾಂಕುಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇತ್ತ ನೂಲು ಕೊಳ್ಳದೆ ದಾಸ್ತಾನು ಕರಗುತ್ತಿರುತ್ತದೆ, ಅತ್ತ ಬಾಕಿ ಹಳೆಯದಾಗುತ್ತಿರುತ್ತದೆ. ಹಣ ಅತ್ಯಂತ ಬೇಕಾದ ತಿಂಗಳಲ್ಲೇ ತೆಗೆಯಬಹುದಾದ ಮೊತ್ತ ಕಡಿಮೆಯಾಗುತ್ತದೆ.

ಹೀಗೆ ಸಿಕ್ಕಿಬಿದ್ದ ಕಾರ್ಯದರ್ಶಿ ನೂಲನ್ನು ಖಾಸಗಿ ವ್ಯಾಪಾರಿಯಿಂದ ಉದ್ರಿಗೆ ತರುತ್ತಾರೆ. ನಗದಿಗೆ 2,000 ರೂಪಾಯಿ ಇರುವ ಕಟ್ಟಿಗೆ ತಿಂಗಳ ಉದ್ರಿಗೆ 2,100 ಎಂದರೆ ಹೆಚ್ಚೆನಿಸುವುದಿಲ್ಲ. ಆದರೆ ಅದು ತಿಂಗಳಿಗೆ ನೂರಕ್ಕೆ ಐದು, ವರ್ಷಕ್ಕೆ ಅರವತ್ತು. ಯಾವ ಬ್ಯಾಂಕೂ ಇಷ್ಟು ಬಡ್ಡಿ ಕೇಳುವುದಿಲ್ಲ. ಅಲ್ಲದೆ ರಾಷ್ಟ್ರೀಯ ಕೈಮಗ್ಗ ಅಭಿವೃದ್ಧಿ ನಿಗಮದ ಮೂಲಕ ಹತ್ತಿ ಲಡಿ ನೂಲಿಗೆ ಸಿಗುವ ಶೇಕಡಾ 15ರ ರಿಯಾಯಿತಿಯೂ ಕೈತಪ್ಪುತ್ತದೆ. ನೂಲಿನ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಮಜೂರಿಯ ಒತ್ತಡ ಬಂದಾಗಲೂ ಮುಟ್ಟದ ಸಂಘ ಈ ಬಲೆಯಿಂದ ದೂರ ಉಳಿಯುತ್ತದೆ.

ಹಾಗಾದರೆ ಬಜೆಟ್ ಹಾಳೆಯಲ್ಲಿ ಏನು ಬರೆಯಬೇಕು? ವರ್ಷಕ್ಕೊಂದು ಮೊತ್ತ ಬರೆದರೆ ಉಪಯೋಗವಿಲ್ಲ, ವಾರವಾರವೂ ಬರುವ ಹಣ ಮತ್ತು ಹೋಗುವ ಹಣವನ್ನು ಮುಂದಿನ ಹದಿಮೂರು ವಾರಕ್ಕೆ ಬರೆಯಬೇಕು. ಕರಾವಳಿಯಲ್ಲಾದರೆ ಆಷಾಢ, ಶ್ರಾವಣದಲ್ಲಿ ಗಂಜಿ ಹಾಕಿದ ನೂಲು ಒಣಗುವುದೇ ಕಷ್ಟ, ಆ ವಾರಗಳ ಉತ್ಪಾದನೆಯನ್ನು ಮೊದಲೇ ಇಳಿಸಿಕೊಳ್ಳಬೇಕು. ದಸರಾ, ದೀಪಾವಳಿಯ ಮಾರಾಟಕ್ಕೆ ಸೀರೆ ಕೂಡಿಡುವ ವಾರಗಳಲ್ಲಿ ಕಪಾಟಿನ 30 ದಿನ 60 ಆಗುತ್ತದೆ. ಬರುವ ಹಣದ ಕಾಲಂನಲ್ಲಿ ಖರೀದಿದಾರರು ಬಾಯಿಮಾತಿಗೆ ಹೇಳಿದ ದಿನಾಂಕ ಬೇಡ, ಕಳೆದ ಮೂರು ಬಿಲ್ಲುಗಳಿಗೆ ಅವರು ನಿಜವಾಗಿ ತೆಗೆದುಕೊಂಡ ದಿನಗಳ ಸರಾಸರಿ ಇರಲಿ.

ಬಾಕಿಯನ್ನು ಕೇಳಲು ಕಾನೂನಿನ ಬಲವೂ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕಿರು, ಸಣ್ಣ ಉದ್ಯಮಗಳಿಂದ ಮಾಲು ಪಡೆದವರು ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದಕ್ಕೆ ಸಂಘ ಉದ್ಯಮ್ ನೋಂದಣಿ ಮಾಡಿಸಿರಬೇಕು, ಮಾಲು ತಲುಪಿದ ದಿನದ ಸಹಿ ಪಡೆದ ರಸೀದಿ ಕೈಯಲ್ಲಿರಬೇಕು. ದೂರು ಕೊಟ್ಟರೆ ಮುಂದಿನ ಆರ್ಡರ್ ತಪ್ಪೀತೆಂಬ ಭಯ ಸುಳ್ಳಲ್ಲ. ಆದರೂ ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಮತ್ತು 45ನೇ ದಿನದ ದಿನಾಂಕವನ್ನು ಅಚ್ಚು ಹಾಕಿಸಲು ಯಾರೊಂದಿಗೂ ಜಗಳ ಆಡಬೇಕಾಗಿಲ್ಲ.

ಇನ್ನೊಂದು ದಾರಿ ಆರ್ಡರ್ ಒಪ್ಪುವಾಗಲೇ ಇದೆ. ನೂಲಿನ ಬೆಲೆಯಷ್ಟು ಮುಂಗಡ ಕೇಳಬೇಕು. ನಮ್ಮ ಉದಾಹರಣೆಯಲ್ಲಿ ಆರು ಉದ್ರಿ ಸೀರೆಗಳ ನೂಲಿಗೆ ದಿನಕ್ಕೆ 2,400 ರೂಪಾಯಿ. ಅದು ಮುಂಗಡವಾಗಿ ಬಂದರೆ ಪ್ರತಿ ಸೀರೆಯ ಮೇಲೆ ಉದ್ರಿಯಲ್ಲಿ ಸಿಕ್ಕಿಬೀಳುವುದು 1,200 ಅಲ್ಲ, 800. ಅರವತ್ತು ದಿನದ ಉದ್ರಿಯ 4,32,000 ಆಗ 2,88,000ಕ್ಕೆ ಇಳಿಯುತ್ತದೆ. ಕೈಯಲ್ಲಿ ಉಳಿಯುವ 48,000 ರೂಪಾಯಿ 1,92,000 ಆಗುತ್ತದೆ, ಮೂರು ವಾರದ ಮಜೂರಿಗಿಂತ ಹೆಚ್ಚು.