ಬಲಗೈ ಚಿತ್ರದ ಮೇಲೆ, ಎಡಗೈ ಕೀಲಿಮಣೆಯ ಮೇಲೆ

ಶಾಲೆಯ ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ಸಿದ್ಧವಾಗುವಾಗ ಹಳೆಯ ಗುಂಪು ಛಾಯಾಚಿತ್ರಗಳನ್ನು ಹುಡುಕಿ ತೆಗೆಯುವುದು ವಾಡಿಕೆ. ಅವುಗಳಲ್ಲಿ ಹಲವು ಮಡಿಚಿದ, ಬಿಳಿ ಚುಕ್ಕೆ ಬಿದ್ದ ಪ್ರತಿಗಳು. ಅವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತಿದ್ದುವ ಕೆಲಸ ಈಗ ಹೆಚ್ಚಾಗಿ ಮನೆಯ ಹಿರಿಯ ಮಕ್ಕಳ ಪಾಲಿಗೆ ಬರುತ್ತದೆ. ಫೋಟೋಶಾಪ್ ತಂತ್ರಾಂಶದಲ್ಲಿ ಈ ಕೆಲಸಕ್ಕೆ ತಗಲುವ ಸಮಯದ ಬಹುಪಾಲು ತಿದ್ದುವುದರಲ್ಲಿ ಕಳೆಯುವುದಿಲ್ಲ. ಕುಂಚದ ಗಾತ್ರ ಬದಲಿಸಲು ಮೆನುವಿಗೆ ಹೋಗಿ, ಮರಳಿ ಬಂದು, ತಿದ್ದುತ್ತಿದ್ದ ಜಾಗವನ್ನು ಮತ್ತೆ ಹುಡುಕುವುದರಲ್ಲಿ ಕಳೆಯುತ್ತದೆ. ಕಣ್ಣು ಚಿತ್ರದಿಂದ ಕದಲದಂತೆ ಮಾಡುವುದೇ ಕೀಲಿಗಳ ಉಪಯೋಗ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಆರು ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರದ ಚಿತ್ರವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 3600×2400 ಪಿಕ್ಸೆಲ್‌ಗಳ ಕಡತ ದೊರೆಯುತ್ತದೆ. ಮೊದಲು Ctrl+J ಒತ್ತಿ ಪದರದ ಪ್ರತಿ ಮಾಡಿಕೊಂಡರೆ ಮೂಲ ಚಿತ್ರ ಕೆಳಗೆ ಹಾಗೆಯೇ ಉಳಿಯುತ್ತದೆ. Ctrl+0 ಒತ್ತಿದರೆ ಇಡೀ ಚಿತ್ರ ಪರದೆಗೆ ಹೊಂದುತ್ತದೆ. Ctrl+1 ಒತ್ತಿದರೆ ನೂರು ಶೇಕಡಾ ಗಾತ್ರದಲ್ಲಿ ಕಾಣುತ್ತದೆ. ಆ ಗಾತ್ರದಲ್ಲಿ ಸಾಮಾನ್ಯ ಪರದೆಯೊಂದರಲ್ಲಿ ಈ ಚಿತ್ರದ ಸುಮಾರು ಆರನೆಯ ಒಂದು ಭಾಗ ಮಾತ್ರ ಹಿಡಿಸುತ್ತದೆ. ಆದ್ದರಿಂದ ರೈತನು ಸಾಲು ಹಿಡಿದು ಉಳುವಂತೆ ನಡೆಯಬೇಕು. Home ಕೀಲಿ ಎಡ ಮೇಲ್ತುದಿಗೆ ಒಯ್ಯುತ್ತದೆ. Page Down ಒಂದು ಪರದೆಯಷ್ಟು ಕೆಳಗಿಳಿಸುತ್ತದೆ. Ctrl+Page Down ಒಂದು ಪರದೆಯಷ್ಟು ಬಲಕ್ಕೆ ಸರಿಸುತ್ತದೆ. ಎಡಭಾಗವನ್ನು ಮೇಲಿನಿಂದ ಕೆಳಗೆ ಮುಗಿಸಿ, ಬಲಕ್ಕೆ ಸರಿದು, Page Up ಒತ್ತುತ್ತಾ ಮೇಲೇರಿದರೆ ಯಾವ ಮೂಲೆಯೂ ತಪ್ಪಿಹೋಗುವುದಿಲ್ಲ.

ಈಗ ತಿದ್ದುವಿಕೆ. J ಕೀಲಿಯಿಂದ ಹೀಲಿಂಗ್ ಬ್ರಷ್ ಆಯ್ದು, Alt ಒತ್ತಿ ಹಿಡಿದು, ಹತ್ತಿರದ ಶುದ್ಧ ಜಾಗವನ್ನು ಕ್ಲಿಕ್ ಮಾಡಿ ಮಾದರಿಯಾಗಿ ತೆಗೆದುಕೊಳ್ಳಬೇಕು. ಕುಂಚವು ಕಲೆಗಿಂತ ಸ್ವಲ್ಪವೇ ದೊಡ್ಡದಿರಬೇಕು. ಹನ್ನೆರಡು ಪಿಕ್ಸೆಲ್‌ ಚುಕ್ಕೆಗೆ ಹದಿನೈದು ಸಾಕು. `[` ಕೀಲಿ ಕುಂಚವನ್ನು ಚಿಕ್ಕದಾಗಿಸುತ್ತದೆ, `]` ದೊಡ್ಡದಾಗಿಸುತ್ತದೆ. ಆದರೆ ಇವೆರಡೂ ಕೀಲಿಮಣೆಯ ಬಲತುದಿಯಲ್ಲಿರುವುದರಿಂದ ಎಡಗೈ ದೂರ ಚಾಚಬೇಕಾಗುತ್ತದೆ. ವಿಂಡೋಸ್‌ನಲ್ಲಿ Alt ಒತ್ತಿ, ಮೌಸಿನ ಬಲಗುಂಡಿ ಹಿಡಿದು ಪಕ್ಕಕ್ಕೆ ಎಳೆದರೆ ಗಾತ್ರ ಬದಲಾಗುತ್ತದೆ. ಮೇಲೆ ಕೆಳಗೆ ಎಳೆದರೆ ಅಂಚಿನ ಗಡಸುತನ ಬದಲಾಗುತ್ತದೆ. ಕೈ ಇದ್ದಲ್ಲೇ ಇರುತ್ತದೆ.

ಕಠಿಣವಾದದ್ದು ಮಡಿಕೆಯ ಗೆರೆ. ಅದು ಗೋಡೆಯ ಮೇಲೆ ಹಾದುಹೋಗುವವರೆಗೆ ದೊಡ್ಡ ಕುಂಚವೇ ಸರಿ. ಬಾಲಕನೊಬ್ಬನ ಕೊರಳಪಟ್ಟಿಯನ್ನು ಗೆರೆ ಮುಟ್ಟುವ ಕಡೆ ಅದೇ ಕುಂಚ ಬಳಸಿದರೆ ಬಟ್ಟೆಯ ಬಣ್ಣ ಗೋಡೆಗೆ ಹರಡಿ ಮಬ್ಬು ಕಲೆಯಾಗುತ್ತದೆ. ಅಲ್ಲಿ Ctrl ಮತ್ತು `+` ಒತ್ತಿ ಇನ್ನೂರು ಶೇಕಡಾಕ್ಕೆ ಹಿಗ್ಗಿಸಿ, ಕುಂಚವನ್ನು ಹತ್ತು ಪಿಕ್ಸೆಲ್‌ಗೆ ಇಳಿಸಿ, S ಕೀಲಿಯ ಕ್ಲೋನ್ ಸ್ಟ್ಯಾಂಪ್ ಬಳಸುವುದು ಒಳಿತು. ಸ್ಪೇಸ್ ಬಾರ್ ಒತ್ತಿ ಹಿಡಿದು ಎಳೆದರೆ ಕುಂಚವನ್ನು ಬಿಡದೆಯೇ ಚಿತ್ರ ಸರಿಯುತ್ತದೆ. ಬೆರಳೆತ್ತಿದೊಡನೆ ಕುಂಚ ಮರಳಿ ಕೈಗೆ ಬರುತ್ತದೆ. ಹೀಗೆ ಗೆರೆಯ ಜೊತೆಜೊತೆಗೇ ಸಾಗಬಹುದು. ಕುಂಚದ ಗಾತ್ರ ಚಿತ್ರದ ಪಿಕ್ಸೆಲ್‌ಗಳ ಲೆಕ್ಕದ್ದೆಂಬುದು ನೆನಪಿರಲಿ. ಚಿತ್ರವನ್ನು ಹಿಗ್ಗಿಸಿದಾಗ ವೃತ್ತ ದೊಡ್ಡದಾಗಿ ಕಂಡರೂ ಕುಂಚ ಬೆಳೆದಿರುವುದಿಲ್ಲ.

ಕಲಿಯುವವರನ್ನು ದಿಗಿಲುಗೊಳಿಸುವ ಅಡಚಣೆಗಳು ಎರಡು. ಕುಂಚದ ವೃತ್ತ ಮಾಯವಾಗಿ ಸಣ್ಣ ಅಡ್ಡಗೆರೆ ಮಾತ್ರ ಕಂಡರೆ Caps Lock ಒತ್ತಿಹೋಗಿದೆ ಎಂದೇ ಅರ್ಥ. ಎರಡನೆಯದು ಕನ್ನಡ ಬರೆಯುವ ನಮ್ಮ ಮಕ್ಕಳಿಗೇ ವಿಶೇಷವಾದದ್ದು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ `[` ಕೀಲಿಯ ಸ್ಥಾನದಲ್ಲಿರುವುದು ‘ಡ’ ಅಕ್ಷರ. ಪಾಠವನ್ನು ಬೆರಳಚ್ಚು ಮಾಡಿ ಕನ್ನಡ ವಿನ್ಯಾಸವನ್ನು ಹಾಗೆಯೇ ಬಿಟ್ಟು ಚಿತ್ರಕ್ಕೆ ಬಂದರೆ ಕೀಲಿಗಳು ಸ್ಪಂದಿಸದೆ ಇರಬಹುದು. ವಿನ್ಯಾಸವನ್ನು ಇಂಗ್ಲಿಷಿಗೆ ಬದಲಿಸಿದರೆ ಸಾಕು.

ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶದಲ್ಲಿಯೂ ಇವೇ ಚೌಕ ಆವರಣಗಳು ಕುಂಚದ ಗಾತ್ರ ಬದಲಿಸುತ್ತವೆ, ಸ್ಪೇಸ್ ಬಾರ್ ಚಿತ್ರವನ್ನು ಸರಿಸುತ್ತದೆ. ಮಾದರಿ ತೆಗೆಯಲು ಮಾತ್ರ Alt ಬದಲು Ctrl ಒತ್ತಬೇಕು. ನೂರು ಶೇಕಡಾಕ್ಕೆ `1` ಕೀಲಿಯೊಂದೇ ಸಾಕು.

ವೇಗ ಬಂದಮೇಲೆ ಬರುವ ಅಪಾಯವೂ ಒಂದಿದೆ. ನಾನೂರು ಶೇಕಡಾಕ್ಕೆ ಹಿಗ್ಗಿಸಿ ಮುಖಗಳನ್ನು ಒರೆಸುತ್ತಾ ಹೋದರೆ ಹಳೆಯ ಚಿತ್ರದ ಸಹಜ ಕಣಗಳು ಅಳಿದು ಮುಖಗಳು ಮೇಣದ ಬೊಂಬೆಗಳಂತಾಗುತ್ತವೆ. ಮಚ್ಚೆಯೂ ಕಲೆಯೆಂದು ಅಳಿಸಿಹೋಗುತ್ತದೆ. ಅಜ್ಜಿಯೊಬ್ಬಳು ಆ ಸಾಲಿನಲ್ಲಿ ತನ್ನ ಅಣ್ಣನನ್ನು ಗುರುತಿಸುವುದು ಆ ಮಚ್ಚೆಯಿಂದಲೇ ಆಗಿರಬಹುದು. ಆದ್ದರಿಂದ ಒಂದೊಂದು ಮುಖ ಮುಗಿದಾಗಲೂ Ctrl+0 ಒತ್ತಿ ಇಡೀ ಚಿತ್ರ ನೋಡಬೇಕು. ಮೇಲಿನ ಪದರದ ಕಣ್ಣಿನ ಗುರುತನ್ನು ಒಮ್ಮೆ ಆರಿಸಿ ಮೂಲದೊಡನೆ ಹೋಲಿಸಬೇಕು. ಕಲೆ ಹೋಗಿ ಮುಖ ಉಳಿದಿದ್ದರೆ ಅಲ್ಲಿಗೆ ಕೈ ನಿಲ್ಲಿಸುವುದು ಸರಿ.